ಗ್ಯಾಸ್ಟ್ರಿಕ್ ಅಂದದ್ದು ಸುಳ್ಳು

ಮಗಾ,

ಈ ಸಲ ಕೊಟ್ಟೂರು ತೇರಿಗೆ ಬಂದವನು ಮೂರು ದಿನ ಇದ್ದೆ. ಮೂರು ರಾತ್ರಿಯೂ ಮೂರೂವರೆ ನಾಲ್ಕರ ಹೊತ್ತಿಗೆ ಹಿತ್ತಲ ಬಾಗಿಲ ಅಗುಳಿ ತೆಗೆದ ಸದ್ದು ಕೇಳಿಸಿತು. ಎರಡನೇ ರಾತ್ರಿ ಎದ್ದು ಕಿಟಕಿಯಿಂದ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದೆ. ಕೈಯಲ್ಲಿ ಫೋನೂ ಇರಲಿಲ್ಲ. ಮರುದಿನ ಸಂಜೆ ಊರೆಲ್ಲ ತೇರಿಗೆ ಉತ್ತತ್ತಿ ಬಾಳೆಹಣ್ಣು ಎಸೆಯಲು ಹೊರಟರೆ ನೀನು ತಲೆನೋವು ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದೆ. ಸಣ್ಣವನಿದ್ದಾಗ ತೇರಿನ ಹಗ್ಗ ಮುಟ್ಟಬೇಕೆಂದು ನನ್ನ ಹೆಗಲ ಮೇಲೆ ಕುಣಿದವನು ನೀನು. ನಿಮ್ಮವ್ವ "ಬೆಂಗಳೂರಿನ ಕೆಲಸದ ದಣಿವು" ಅಂದಳು. ನಾನು ಹೌದು ಅಂದೆ. ಆದರೆ ಆ ಕಲ್ಲಿನ ಮೇಲೆ, ಅದೇ ಹೊತ್ತಿನಲ್ಲಿ, ಇಪ್ಪತ್ತು ವರ್ಷದ ಹಿಂದೆ ಕೂರುತ್ತಿದ್ದವನು ಯಾರೆಂದು ನನಗೆ ಗೊತ್ತು.

2003. ನಿನಗೆ ಎಂಟು ವರ್ಷ. ನನಗೆ ಗ್ಯಾಸ್ಟ್ರಿಕ್ ಆಗಿದೆ ಅಂತ ನಿಮಗೆಲ್ಲ ಹೇಳಿದ್ದೆ. ಅದು ಸುಳ್ಳು. ನನಗೆ ಆಗಿದ್ದದ್ದು ಖಿನ್ನತೆ. ಈ ಪದವನ್ನು ನಿನ್ನ ಮುಂದೆ ಬಳಸುತ್ತಿರುವುದು ಇದೇ ಮೊದಲು.

ಪೂರ್ತಿ ಸುಳ್ಳೂ ಅಲ್ಲ ಅನ್ನು. ಹೊಟ್ಟೆಯಲ್ಲಿ ಕಲ್ಲು ಇಟ್ಟಂತೆ ಭಾರ, ಎದೆ ಹಿಡಿದಂತೆ, ಊಟ ಮಣ್ಣು. ಮೈಯೇ ಮೊದಲು ದೂರು ಹೇಳುವುದರಿಂದ ಮೈಗೆ ಮದ್ದು ಹುಡುಕುತ್ತ ಹೋದೆ. ಕೂಡ್ಲಿಗಿಯಲ್ಲಿ ಹೊಟ್ಟೆಗೆ ಗುಳಿಗೆ ಕೊಟ್ಟರು. ಹಗರಿಬೊಮ್ಮನಹಳ್ಳಿಯಲ್ಲಿ ಇಸಿಜಿ ತೆಗೆದು ಹೃದಯ ಚೆನ್ನಾಗಿದೆ ಅಂದರು. ಹರಪನಹಳ್ಳಿಯಲ್ಲಿ ನಿಶ್ಶಕ್ತಿ ಅಂತ ಕೆಂಪು ಇಂಜೆಕ್ಷನ್, ಸಲೈನು. ಹಡಗಲಿಯಲ್ಲಿ ಒಬ್ಬರು ನಿದ್ದೆ ಗುಳಿಗೆ ಬರೆದರು. ಅದರಿಂದ ರಾತ್ರಿ ಒಂದೆರಡು ತಾಸು ಹೆಚ್ಚು ಮಲಗಿದೆ, ಬೆಳಗ್ಗೆ ಅದೇ ಭಾರ. ಕೊಟ್ಟೂರಿನಲ್ಲಿ ತಾಯತ. ಐದು ಊರು ತಿರುಗಿದರೂ ನಾನು ಒಂದು ಕಡೆಯೂ ಬಾಯಿ ಬಿಟ್ಟು ಹೇಳದ ಮಾತೊಂದಿತ್ತು: ಬೆಳಕು ಹರಿಯುವುದು ಬೇಡ ಅನ್ನಿಸುತ್ತದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ತಪ್ಪಿನಲ್ಲಿ ನನ್ನದೂ ಅರ್ಧ ಪಾಲು.

ಜನ ಕಾರಣ ಕೇಳುತ್ತಿದ್ದರು. ಬರ ಇತ್ತು, ಬೋರು ಒಣಗಿತ್ತು, ಶೇಂಗಾ ಹೋಗಿತ್ತು, ಸೊಸೈಟಿ ಸಾಲ ಇತ್ತು. ಇವು ಇದ್ದವು ನಿಜ. ಆದರೆ ಅದೇ ಬರದಲ್ಲಿ ಪಕ್ಕದ ಹೊಲದವನು ಸಾಲ ಮಾಡಿ, ಬೈದಾಡಿ, ಸಂಜೆ ಕಟ್ಟೆಗೆ ಬಂದು ನಗುತ್ತಿದ್ದ. ನನಗೆ ಚಿಂತೆ ಮಾಡುವುದಕ್ಕೂ ಬಲ ಇರಲಿಲ್ಲ. ದುಃಖ ಬೇರೆ, ಇದು ಬೇರೆ. ದುಃಖದಲ್ಲಿರುವವನಿಗೆ ಒಳ್ಳೆಯ ಸುದ್ದಿ ಬಂದರೆ ಮುಖ ಅರಳುತ್ತದೆ. ಆ ವರ್ಷ ನಿನಗೆ ಶಾಲೆಯಲ್ಲಿ ಬಹುಮಾನ ಬಂತು, ಓಡಿ ಬಂದು ತೋರಿಸಿದೆ. ನನಗೆ ಏನೂ ಆಗಲಿಲ್ಲ. ಖುಷಿ ಆಗಬೇಕಿತ್ತು ಅನ್ನುವುದಷ್ಟೇ ತಲೆಗೆ ಹೊಳೆಯಿತು. ಗುರುತಿಸಲು ಬೇಕಾದದ್ದು ಇದೇ. ಮೊದಲು ಇಷ್ಟವಾಗಿದ್ದದ್ದು ಇಷ್ಟವಾಗದೆ ಹೋಗುವುದು, ನಸುಕಿಗೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಬೆಳಗ್ಗೆ ಹೆಚ್ಚಿದ್ದ ಭಾರ ಸಂಜೆಗೆ ತುಸು ಇಳಿಯುವುದು, ಸಣ್ಣ ಮಾತಿಗೆ ಸಿಟ್ಟು. ಎಲ್ಲರಲ್ಲೂ ಎಲ್ಲವೂ ಇರುವುದಿಲ್ಲ. ಆದರೆ ಇಂಥ ಹಲವು ಸೇರಿ ಎರಡು ವಾರ ಬಿಡದೆ ಕೂತರೆ ಅದನ್ನು ದಣಿವು ಎನ್ನಬಾರದು.

ಕೊನೆಗೆ ಬಳ್ಳಾರಿಗೆ ಹೋದೆ. ಸಂಬಂಧಿಯೊಬ್ಬರ ಕಣ್ಣಿನ ಆಪರೇಷನ್ನಿಗೆ ಜೊತೆಗಾರನಾಗಿ ಹೋಗಿ, ಅವರನ್ನು ವಾರ್ಡಿನಲ್ಲಿ ಬಿಟ್ಟು, ಕದ್ದು ಮನೋರೋಗದ ಚೀಟಿ ಮಾಡಿಸಿದೆ. ಡಾಕ್ಟರು ಗ್ಯಾಸ್ಟ್ರಿಕ್ ಬಗ್ಗೆ ಕೇಳಲೇ ಇಲ್ಲ. "ಎಷ್ಟು ಗಂಟೆಗೆ ಎಚ್ಚರ ಆಗ್ತದೆ ಮೇಷ್ಟ್ರೇ?" ಅಂದರು. ಯಾರೋ ಹಿತ್ತಲಿಗೆ ಬಂದು ನನ್ನನ್ನು ನೋಡಿ ಹೋದಂತಾಯಿತು. ಇರುವುದೇ ಬೇಡ ಅನ್ನಿಸುತ್ತದೆಯೇ ಎಂದೂ ಕೇಳಿದರು. ಇಲ್ಲ ಅಂದೆ. ಎರಡನೇ ಸಲ ಹೋದಾಗ ಹೌದು ಅಂದೆ. ಆಮೇಲೆ ಅವರು ನಿಮ್ಮವ್ವನನ್ನು ಕರೆತರಲು ಹೇಳಿದರು, ರಕ್ತ ತೆಗೆಸಿ ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿದರು. ಥೈರಾಯ್ಡ್ ಇಳಿದರೂ ಹೀಗೇ ಕಾಣುತ್ತದಂತೆ.

ಅವರೇ ಇನ್ನೊಂದು ಮಾತು ಹೇಳಿದರು. ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದ ನಡುವೆ ನಿಮ್ಹಾನ್ಸಿನವರು ಒಂದು ಪ್ರಯೋಗ ಶುರುಮಾಡಿದ್ದರು. ಮನೋರೋಗ ತಜ್ಞರು ಇಲ್ಲದ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಬೆರಳೆಣಿಕೆಯ ಔಷಧಿಗಳಿಂದ ಊರ ಹತ್ತಿರವೇ ಚಿಕಿತ್ಸೆ ನಡೆಸಬಹುದೇ ಎಂದು ನೋಡುವುದು. ಆಗಬಹುದೆಂದು ಕಂಡಿತು. ಇಂದಿಗೂ ಪುಸ್ತಕಗಳಲ್ಲಿ ಅದಕ್ಕೆ ಬಳ್ಳಾರಿ ಮಾದರಿ ಎಂದೇ ಹೆಸರು. 1996ರಲ್ಲಿ ಕೇಂದ್ರ ಸರ್ಕಾರ ತಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ಆಗ ನಮ್ಮ ಐದೂ ಊರು ಆ ಜಿಲ್ಲೆಯಲ್ಲೇ ಇದ್ದವು. ದೇಶಕ್ಕೆ ದಾರಿ ತೋರಿಸಿದ ನೆಲದಲ್ಲಿ ನಿಂತು ನಾನು ತಾಯತ ಕಟ್ಟಿಸಿಕೊಂಡಿದ್ದೆ. ತರಬೇತಿ ಪಡೆದ ಡಾಕ್ಟರು ವರ್ಗವಾದರೆ ಆ ವಿದ್ಯೆಯೂ ಅವರ ಪೆಟ್ಟಿಗೆಯಲ್ಲೇ ಹೋಗುತ್ತದೆ. ಚಿಕಿತ್ಸೆ ಹತ್ತಿರ ಬಂದರೂ ನಾಚಿಕೆ ದೂರ ಹೋಗುವುದಿಲ್ಲ.

ಗುಳಿಗೆಯ ಕಥೆ ಹೇಳಲೇಬೇಕು, ಯಾಕೆಂದರೆ ಬಹಳ ಜನ ಎಡವುವುದು ಅಲ್ಲೇ. ನನಗೆ ಬರೆದದ್ದು ಫ್ಲುಯಾಕ್ಸಿಟಿನ್, 20 ಮಿಲಿಗ್ರಾಂ, ಬೆಳಗ್ಗೆ ಒಂದು. ಮೊದಲ ವಾರ ವಾಕರಿಕೆ, ಚಡಪಡಿಕೆ. ಗುಣ ಏನೂ ಕಾಣಲಿಲ್ಲ. ಒಂಬತ್ತನೇ ದಿನ ಬಿಟ್ಟೆ. ಡಾಕ್ಟರು ಬೈಯಲಿಲ್ಲ, "ಜ್ವರದ ಗುಳಿಗೆ ಅಲ್ಲ ಇದು, ಕೆಲಸ ಶುರುಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣಕ್ಕೆ ಇನ್ನೂ ಹೆಚ್ಚು" ಅಂದರು. ಮತ್ತೆ ಶುರುಮಾಡಿದೆ. ನಾಲ್ಕನೇ ವಾರ ನಿದ್ದೆ ಐದರವರೆಗೆ ಎಳೆಯಿತು. ಆಮೇಲೆ ಒಂದು ದಿನ ರೊಟ್ಟಿ ತಟ್ಟುತ್ತಿದ್ದ ನಿಮ್ಮವ್ವನಿಗೆ "ಗುರೆಳ್ಳು ಚಟ್ನಿ ಐತೇನು?" ಅಂತ ಕೇಳಿದೆನಂತೆ. ಅವಳು ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಗುಣವಾಗುತ್ತಿದೆ ಎಂದು ನನಗಿಂತ ಮೊದಲು ಗೊತ್ತಾದದ್ದು ಅವಳಿಗೆ. ಸಂತೋಷ ಎಲ್ಲಕ್ಕಿಂತ ಕೊನೆಗೆ ಬಂತು.

ಐದು ತಿಂಗಳಿಗೆ ಚೆನ್ನಾಗಿದ್ದೇನೆಂದು ನಾನೇ ನಿಲ್ಲಿಸಿದೆ. ಎರಡು ತಿಂಗಳಲ್ಲಿ ಮತ್ತೆ ಅದೇ ಕಲ್ಲು, ಅದೇ ನಸುಕು. ಗುಣವಾದ ಮೇಲೂ ಆರೇಳು ತಿಂಗಳು ಮುಂದುವರಿಸಿ, ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು ಎಂದು ಕಲಿಯಲು ನಾನು ಆ ಬೆಲೆ ತೆತ್ತೆ. ಗುಳಿಗೆ ಸಾಲ ತೀರಿಸಲಿಲ್ಲ, ಬೋರಿನಲ್ಲಿ ನೀರು ತರಿಸಲಿಲ್ಲ. ಸಾಲದ ಬಗ್ಗೆ ಯೋಚಿಸಬಲ್ಲ ಮನುಷ್ಯನನ್ನು ವಾಪಸು ಕೊಟ್ಟಿತು, ಅಷ್ಟೆ. ಜೊತೆಗೆ ಅವರು ಕೊಟ್ಟ ಒಂದು ಕಟ್ಟುಪಾಡು ಇತ್ತು: ಮನಸ್ಸಿರಲಿ ಬಿಡಲಿ, ಬೆಳಗ್ಗೆ ಆರಕ್ಕೆ ಕೆರೆ ಏರಿವರೆಗೆ ನಡೆದು ಬರುವುದು. ಮನಸ್ಸು ಬಂದಮೇಲೆ ನಡೆಯುತ್ತೇನೆಂದು ಕಾಯುತ್ತಿದ್ದೆ; ನಡೆದಮೇಲೆ ಮನಸ್ಸು ಬರುತ್ತದೆ ಎಂಬುದು ಅವರ ಲೆಕ್ಕ. 2011ರಲ್ಲಿ ಮತ್ತೊಮ್ಮೆ ಬಂತು. ಆಗ ಎರಡೇ ವಾರಕ್ಕೆ ಗುರುತಿಸಿ ಹೋದೆ, ಬೇಗ ಎದ್ದೆ. ನೀನು ಹಾಸ್ಟೆಲಿನಲ್ಲಿದ್ದೆ, ನಿನಗೆ ಗೊತ್ತಾಗಲಿಲ್ಲ.

ಇಷ್ಟು ವರ್ಷ ನಾನು ನನ್ನೊಳಗೇ ವಾದ ಮಾಡಿದ್ದು ಇದರ ಬಗ್ಗೆ. ಕಾಯಿಲೆ ನನ್ನದು, ಗುಟ್ಟೂ ನನ್ನದು, ಹೇಳುವುದು ಬಿಡುವುದು ನನ್ನ ಹಕ್ಕು ಎಂದುಕೊಂಡಿದ್ದೆ. ನಿನ್ನ ಅತ್ತೆಯ ಮದುವೆ ಆಗಬೇಕಿತ್ತು, "ಆ ಮನೆಯವರ ತಲೆ ಸರಿ ಇಲ್ಲ" ಎಂಬ ಮಾತು ಹುಟ್ಟಬಾರದಿತ್ತು. ಮಕ್ಕಳಿಗೆ ಭಾರ ಹೊರಿಸಬಾರದು ಎಂಬುದು ಇನ್ನೊಂದು ನೆಪ. ಆದರೆ ಹೇಳದಿದ್ದರೆ ಮಗುವಿಗೆ ಭಾರ ತಪ್ಪುತ್ತದೆಯೇ? ಆ ವರ್ಷ ಒಂದು ರಾತ್ರಿ ನನ್ನ ಬೆನ್ನ ಹಿಂದೆ ಮಲಗಿ ನೀನು "ಅಪ್ಪಾ, ನನ್ ಮ್ಯಾಲೆ ಸಿಟ್ಟೇನು?" ಅಂತ ಕೇಳಿದೆ. ನಾನು ನಿದ್ದೆ ಬಂದವನಂತೆ ಸುಮ್ಮನಿದ್ದೆ. ನಾನು ಖಾಲಿ ಬಿಟ್ಟ ಜಾಗದಲ್ಲಿ ನೀನು ಉತ್ತರ ತುಂಬಿಕೊಂಡೆ, ನಿನ್ನದೇ ತಪ್ಪೆಂದು. ಗುಟ್ಟು ನನ್ನದಾಗಿದ್ದರೂ ಅದರ ಬಡ್ಡಿ ನೀನು ಕಟ್ಟಿದೆ. ಈಗ ನೀನು ನಿಮ್ಮವ್ವನಿಗೆ "ತಲೆನೋವು" ಅನ್ನುವಾಗ ಆ ಮಾತು ಎಲ್ಲಿ ಕಲಿತದ್ದೆಂದು ನನಗೆ ಗೊತ್ತು. ನನ್ನ ಗ್ಯಾಸ್ಟ್ರಿಕ್ಕಿನಿಂದ.

ಆ ದಿನಗಳಲ್ಲೇ ಮಗ್ಗಿ ತಪ್ಪಿದ್ದಕ್ಕೆ ನಿನಗೆ ಕೆನ್ನೆಗೆ ಹೊಡೆದಿದ್ದೆ. ಕಾಯಿಲೆಯ ಸಿಟ್ಟು ಅದು ಎಂದು ಡಾಕ್ಟರು ಹೇಳಬಹುದು. ಅದು ಕಾರಣ, ಕ್ಷಮೆ ಅಲ್ಲ. ಕಾಯಿಲೆ ನಾನು ತಂದುಕೊಂಡದ್ದಲ್ಲ. ಆದರೆ ಗುಣವಾದ ಮೇಲೆ ನಿನ್ನ ಹತ್ತಿರ ಬಂದು "ಅದು ನಿನ್ನ ತಪ್ಪಲ್ಲಪ್ಪಾ" ಎನ್ನದೆ ಇದ್ದದ್ದು ನನ್ನ ಕೈಯಲ್ಲಿತ್ತು. ಅದನ್ನು ಇವತ್ತು ಹೇಳುತ್ತಿದ್ದೇನೆ. ತಡವಾಯಿತು.

ನಿಮ್ಮಜ್ಜನೂ ಒಮ್ಮೆ ತಿಂಗಳುಗಟ್ಟಲೆ ಮಾತು ಬಿಟ್ಟು ದನದ ಕೊಟ್ಟಿಗೆಯಲ್ಲಿ ಕೂತಿದ್ದ. ಊರವರು ದೇವರ ಕಾಟ ಅಂದರು. ಈ ಕಾಯಿಲೆ ಮನೆತನದಲ್ಲಿ ಸ್ವಲ್ಪ ಹರಿಯುತ್ತದೆ. ತಂದೆ ತಾಯಿಗೆ ಬಂದಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಎರಡು ಮೂರು ಪಟ್ಟು ಹೆಚ್ಚು ಎನ್ನುತ್ತಾರೆ. ಹಾಗಿದ್ದೂ ಬಹಳ ಮಕ್ಕಳಿಗೆ ಬರುವುದಿಲ್ಲ. ಇದನ್ನು ಹಣೆಬರಹವೆಂದು ಓದಬೇಡ, ಡಾಕ್ಟರಿಗೆ ಬೇಕಾದ ಮಾಹಿತಿ ಎಂದು ಓದು. ಅಪ್ಪನಿಗೆ ಎರಡು ಸಲ ಬಂದಿತ್ತು, ಯಾವ ಗುಳಿಗೆ ಹಿಡಿಯಿತು ಎಂಬುದು ಅವರಿಗೆ ಉಪಯೋಗಕ್ಕೆ ಬರುತ್ತದೆ. ನನ್ನ ಹಳೇ ಚೀಟಿಗಳ ಫೋಟೋ ತೆಗೆದು ಕಳಿಸುತ್ತೇನೆ. ಆದರೆ ನನ್ನ ಗುಳಿಗೆಯನ್ನು ನೀನೇ ಅಂಗಡಿಯಲ್ಲಿ ಕೊಂಡು ನುಂಗಬೇಡ.

ನೀನಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ. ಹೋಗಲು ಮನಸ್ಸಾಗದಿದ್ದರೆ ಮೊದಲು 14416ಕ್ಕೆ ಫೋನು ಮಾಡು. ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಯಾವ ಹೊತ್ತಿಗೂ, ಕನ್ನಡದಲ್ಲೇ ಮಾತಾಡುತ್ತಾರೆ. ಮೂರೂವರೆಗೆ ಎಚ್ಚರವಾದಾಗಲೂ ಎತ್ತುತ್ತಾರೆ. ಆಫೀಸಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆ ಬೇಡ. ರೋಗಿಯ ವಿಷಯ ಗುಟ್ಟಾಗಿಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಡಾಕ್ಟರ ಮುಂದೆ ತಲೆನೋವು ಅನ್ನಬೇಡ. ಎಷ್ಟು ಗಂಟೆಗೆ ಎಚ್ಚರ, ಎಷ್ಟು ವಾರದಿಂದ, ಬೆಳಗ್ಗೆ ಹೇಗೆ, ಸಂಜೆ ಹೇಗೆ, ಕುಡಿಯುತ್ತಿದ್ದರೆ ಎಷ್ಟು, ಇಷ್ಟು ಹೇಳು. ಇರುವುದೇ ಬೇಡ ಅನ್ನಿಸಿದ್ದರೆ ಅದನ್ನು ಮೊದಲು ಹೇಳು. ಅಂಥ ಯೋಚನೆ ಇವತ್ತೇ ಇದ್ದರೆ ಈ ಪತ್ರ ಅಲ್ಲೇ ಬಿಟ್ಟು ನನಗೆ ಫೋನು ಮಾಡು, ಒಬ್ಬನೇ ಕೂರಬೇಡ.

ಹರಪನಹಳ್ಳಿ ಮೇಲೆ ಹೋಗುವ ರಾತ್ರಿ ಬಸ್ಸಿಗೆ ಸೋಮವಾರ ಹೊರಡುತ್ತೇನೆ. ನಿನಗೆ ಬೇಡವಾದರೆ ಆಸ್ಪತ್ರೆಯ ಒಳಗೆ ಬರುವುದಿಲ್ಲ, ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿರುತ್ತೇನೆ. ನಿಮ್ಮವ್ವ ರೊಟ್ಟಿ ಕಟ್ಟುತ್ತಿದ್ದಾಳೆ. ಗುರೆಳ್ಳು ಚಟ್ನಿ ಹಾಕಲೇ ಅಂತ ಕೇಳುತ್ತಿದ್ದಾಳೆ. ಹಾಕು ಅಂದಿದ್ದೇನೆ. ಈಗ ತಿನ್ನಲಾಗದಿದ್ದರೂ ಅದು ಕೆಡುವುದಿಲ್ಲ.

ನಿನ್ನ ಅಪ್ಪ