ಸ್ನಾನದ ತೊಟ್ಟಿಯಲ್ಲಿ ರಾಷ್ಟ್ರಪತಿ

1975ರ ಡಿಸೆಂಬರ್ 10ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಅಬು ಅಬ್ರಹಾಂ ಅವರ ಒಂದು ವ್ಯಂಗ್ಯಚಿತ್ರ ಅಚ್ಚಾಯಿತು. ಕನ್ನಡಕ ಹಾಕಿದ ಒಬ್ಬರು ತೊಟ್ಟಿಯಲ್ಲಿ ಸ್ನಾನ ಮಾಡುತ್ತಿದ್ದಾರೆ. ಅರ್ಧ ತೆರೆದ ಬಾಗಿಲಿನಿಂದ ಒಂದು ಕೈ ಮಾತ್ರ ಒಳಗೆ ಚಾಚಿದೆ. ಸಹಿ ಮಾಡಿದ ಕಾಗದವನ್ನೂ ಪೆನ್ನನ್ನೂ ಆ ಕೈಗೆ ಕೊಡುತ್ತ ಅವರು ಹೇಳುತ್ತಾರೆ: ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲಿಕ್ಕೆ ಹೇಳು. ಅದರ ಫೋಟೋ ಮೊಬೈಲಿನಿಂದ ಮೊಬೈಲಿಗೆ ಈಗಲೂ ಓಡಾಡುತ್ತಿದೆ. ಭಾರತದ ರಾಜಕಾರಣ ಗೊತ್ತಿಲ್ಲದ ಜರ್ಮನಿಯ ಓದುಗರೊಬ್ಬರಿಗೆ ಅದನ್ನು ವಿವರಿಸಿ ಒಂದು ಪುಟ ಬರೆಯಬೇಕಾಗಿದ್ದ ಶಿಷ್ಯೆಯೊಬ್ಬಳು ಕಾಸರಗೋಡಿನ ನಿವೃತ್ತ ಮಾಷ್ಟ್ರ ಜೊತೆ ನಡೆಸಿದ ಮಾತುಕತೆ ಇದು.

ಶಿಷ್ಯೆ: ಇದರಲ್ಲಿ ವಿವರಿಸಲಿಕ್ಕೆ ಹೆಚ್ಚೇನಿದೆ ಮಾಷ್ಟ್ರೇ? ಸ್ನಾನಕ್ಕೆ ಕೂತವರನ್ನೂ ಬಿಡದೆ ಸಹಿ ಹಾಕಿಸಿಕೊಳ್ಳುತ್ತಿದ್ದಾರೆ. ಅದು ಯಾವ ದೇಶದವರಿಗೂ ಅರ್ಥವಾಗುತ್ತದೆ.

ಮಾಷ್ಟ್ರು: ಅಷ್ಟು ಅರ್ಥವಾಗುತ್ತದೆ. ಮೈಮೇಲೆ ಬಟ್ಟೆಯಿಲ್ಲದ ಅಧಿಕಾರಿ ನಗೆಪಾಟಲಾಗುವುದಕ್ಕೆ ಯಾರ ವಿವರಣೆಯೂ ಬೇಡ. ಆದರೆ ಆ ಮನುಷ್ಯ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಎಂದು ಚಿತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ಅಂದಿನ ಓದುಗರಿಗೆ ಮುಖ ನೋಡಿದರೆ ಸಾಕಿತ್ತು. ನಿನ್ನ ಓದುಗರಿಗೆ ಅವರು ಯಾರೋ ಒಬ್ಬ ಗುಮಾಸ್ತ.

ಶಿಷ್ಯೆ: ಹಾಗಾದರೆ ಹೆಸರು ಹೇಳಿದರೆ ಮುಗಿಯಿತಲ್ಲ?

ಮಾಷ್ಟ್ರು: ಹೆಸರು ಹೇಳಿದರೆ ಮುಗಿಯುವ ಚಿತ್ರಗಳೂ ಇವೆ. 2016ರಲ್ಲಿ ಮಂಜೇಶ್ವರದಲ್ಲಿ ಮುಸ್ಲಿಂ ಲೀಗು ಬಿಜೆಪಿಯನ್ನು 89 ಮತಗಳಿಂದ ಸೋಲಿಸಿತು. ಆ ಫಲಿತಾಂಶಕ್ಕೆ ಯಾರಾದರೂ ಅಲುಗಾಡುವ ಏಣಿಯೊಂದನ್ನು ಬರೆದರು ಎಂದಿಟ್ಟುಕೊ. ಏಣಿ ಲೀಗಿನ ಚಿಹ್ನೆಯೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಹೊರಗಿನವರು ಅದನ್ನು ಯಾರೋ ಮೇಲೇರುವ ಪ್ರಯತ್ನ ಎಂದು ಓದಿಯಾರು. ‘ಏಣಿ ಅಂದರೆ ಇಂಥ ಪಕ್ಷ’ ಎಂದು ಒಂದು ಸಾಲು ಬರೆದರೆ ಅಲ್ಲಿಗೆ ಸರಿಹೋಯಿತು. ಅಬು ಚಿತ್ರದಲ್ಲಿ ಅಂಥ ಚಿಹ್ನೆಗಳೇ ಇಲ್ಲ. ಎಲ್ಲವೂ ನಿತ್ಯದ ವಸ್ತುಗಳು. ತೊಡಕಿರುವುದೇ ಅಲ್ಲಿ, ಯಾಕೆಂದರೆ ತನಗೆ ಗೊತ್ತಾಗಿಲ್ಲ ಎಂಬುದೇ ಓದುಗರಿಗೆ ಗೊತ್ತಾಗುವುದಿಲ್ಲ.

ಶಿಷ್ಯೆ: ಒಂದು ಉದಾಹರಣೆ ಹೇಳಿ.

ಮಾಷ್ಟ್ರು: ಆ ತೊಟ್ಟಿಯನ್ನೇ ನೋಡು. ಜರ್ಮನಿಯಲ್ಲಿ ಸ್ನಾನದ ತೊಟ್ಟಿಯೆಂದರೆ ಮನೆಮನೆಯ ವಸ್ತು, ಕಣ್ಣಿಗೆ ಬೀಳುವುದೇ ಇಲ್ಲ. 1975ರ ನಮ್ಮ ಓದುಗರಲ್ಲಿ ಹೆಚ್ಚಿನವರು ಬಚ್ಚಲಲ್ಲಿ ಹಂಡೆಯಿಂದ ನೀರು ಮೊಗೆದು ಮೀಯುವವರು. ತೊಟ್ಟಿಯಲ್ಲಿ ಮಲಗಿ ಸ್ನಾನ ಮಾಡುವುದು ಸಿನಿಮಾದಲ್ಲಿ, ಇಲ್ಲವೇ ದೊರೆಗಳ ಬಂಗಲೆಯಲ್ಲಿ. ರಾಷ್ಟ್ರಪತಿ ಭವನ ವೈಸರಾಯ್‌ಗೆಂದು ಕಟ್ಟಿದ ಮನೆ. ಆ ಸುಖದ ಗತ್ತು ನಮಗೆ ಕಂಡಷ್ಟು ಅವರಿಗೆ ಕಾಣುವುದಿಲ್ಲ. ಇದು ನನ್ನ ಓದು. ಚಿತ್ರಕಾರರ ಮನಸ್ಸಿನಲ್ಲಿ ಇದೇ ಇತ್ತು ಎಂದು ವಾದಿಸಲಿಕ್ಕೆ ಹೋಗುವುದಿಲ್ಲ.

ಶಿಷ್ಯೆ: ಇದು ತುರ್ತುಪರಿಸ್ಥಿತಿಗೆ ಸಹಿ ಹಾಕಿದ ರಾತ್ರಿಯ ಚಿತ್ರ ಎಂದು ಫೋಟೋದ ಕೆಳಗೆ ಯಾರೋ ಬರೆದಿದ್ದಾರೆ. ಅದನ್ನು ಸೇರಿಸಲೋ?

ಮಾಷ್ಟ್ರು: ಬೇಡ. ಪುಟದ ಫೋಟೋ ತೆಗೆಯುವಾಗ ತಾರೀಕು ಬಿಟ್ಟುಹೋದರೆ ಆಗುವ ಅನಾಹುತವೇ ಇದು. ತುರ್ತುಪರಿಸ್ಥಿತಿ ಘೋಷಣೆಗೆ ಸಹಿ ಬಿದ್ದದ್ದು 1975ರ ಜೂನ್ 25ರ ರಾತ್ರಿ. ಚಿತ್ರ ಬಂದದ್ದು ಐದು ತಿಂಗಳು ಕಳೆದು. ತಾರೀಕು ಇಲ್ಲದಿದ್ದರೂ ಮಾತಿನಿಂದಲೇ ಹಿಡಿಯಬಹುದು. ಜೂನಿನದ್ದು ಸಂವಿಧಾನದ 352ನೇ ವಿಧಿಯ ಘೋಷಣೆ, ಸುಗ್ರೀವಾಜ್ಞೆಯಲ್ಲ. ಸುಗ್ರೀವಾಜ್ಞೆ 123ನೇ ವಿಧಿಯದ್ದು: ಸಂಸತ್ತಿನ ಅಧಿವೇಶನ ಇಲ್ಲದಾಗ ಮಂತ್ರಿಮಂಡಲ ಹೇಳುತ್ತದೆ, ರಾಷ್ಟ್ರಪತಿ ಹೊರಡಿಸುತ್ತಾರೆ, ಸಂಸತ್ತು ಮತ್ತೆ ಸೇರಿ ಆರು ವಾರದೊಳಗೆ ಒಪ್ಪದಿದ್ದರೆ ಬಿದ್ದುಹೋಗುತ್ತದೆ. ಮತ್ತೆ ಅವರು ‘ಇನ್ನೂ ಇದ್ದರೆ’ ಅನ್ನುತ್ತಿದ್ದಾರೆ. ಒಂದೇ ಸಹಿಯ ರಾತ್ರಿಗೆ ಆ ಬಹುವಚನ ಹೊಂದುವುದಿಲ್ಲ.

ಶಿಷ್ಯೆ: ಡಿಸೆಂಬರಿನಲ್ಲಿ ಅಂಥದ್ದೇನಾಗಿತ್ತು?

ಮಾಷ್ಟ್ರು: ಚಿತ್ರ ಬರುವುದಕ್ಕೆ ಎರಡು ದಿನ ಮೊದಲು, ಡಿಸೆಂಬರ್ 8ರಂದು, ಮೂರು ಸುಗ್ರೀವಾಜ್ಞೆಗಳು ಒಟ್ಟಿಗೆ ಹೊರಟಿದ್ದವು. ಮೂರೂ ಪತ್ರಿಕೆಗಳ ಮೇಲೆಯೇ. ‘ಆಕ್ಷೇಪಾರ್ಹ’ ವಿಷಯ ಅಚ್ಚುಮಾಡದಂತೆ ತಡೆಯುವುದು ಒಂದು. ಪ್ರೆಸ್ ಕೌನ್ಸಿಲನ್ನು ರದ್ದು ಮಾಡುವುದು ಇನ್ನೊಂದು. ಸಂಸತ್ತಿನ ನಡಾವಳಿಯನ್ನು ವರದಿ ಮಾಡುವ ಪತ್ರಿಕೆಗಳಿಗಿದ್ದ ಕಾನೂನಿನ ರಕ್ಷಣೆಯನ್ನು ಕಿತ್ತುಹಾಕುವುದು ಮೂರನೆಯದು. ಅಂದರೆ ಆ ತೊಟ್ಟಿಯಿಂದ ಹೊರಗೆ ಹೋಗುತ್ತಿರುವ ಕಾಗದ ಈ ಚಿತ್ರ ಅಚ್ಚಾದ ಪತ್ರಿಕೆಯ ಕತ್ತಿಗೇ ಬರುವಂಥದ್ದು. ಇಷ್ಟು ಗೊತ್ತಾದ ಮೇಲೆ ಅದೇ ಗೆರೆಗಳು ಬೇರೆಯೇ ಕಾಣುತ್ತವೆ.

ಶಿಷ್ಯೆ: ಆದರೆ ಆ ಸಂಗತಿ ಶಾಯಿಯಲ್ಲಿ ಇಲ್ಲವಲ್ಲ. ಚಿತ್ರದಲ್ಲಿ ಇಲ್ಲದ್ದನ್ನು ಚಿತ್ರದ ಅರ್ಥ ಎನ್ನುವುದು ಹೇಗೆ?

ಮಾಷ್ಟ್ರು: ಅದೇ ದಿನದ ಪತ್ರಿಕೆ ಕೈಯಲ್ಲಿ ಹಿಡಿದವರಿಗೆ ಬರೆದ ಚಿತ್ರ ಅದು. ಸುತ್ತಲಿನ ಸುದ್ದಿಯನ್ನು ನಂಬಿಯೇ ಚಿತ್ರಕಾರ ಗೆರೆ ಉಳಿಸುತ್ತಾನೆ. ಆ ಸುದ್ದಿ ಹೊರಗಿನಿಂದ ತಂದು ಅಂಟಿಸಿದ್ದಲ್ಲ, ಕತ್ತರಿಸುವಾಗ ಬಿದ್ದುಹೋದದ್ದು. ಎಲ್ಲಿಯ ತನಕ ತುಂಬಬಹುದು ಎಂಬುದಕ್ಕೆ ಒಂದು ಮಿತಿ ಬೇಕು, ಸರಿ. ಅಂದಿನ ಓದುಗರಿಗೆ ಗೊತ್ತಿದ್ದದ್ದನ್ನು ತುಂಬು. ಆಮೇಲಿನವರು ಕಂಡುಕೊಂಡದ್ದನ್ನು ಬೇರೆಯೇ ಇಡು.

ಶಿಷ್ಯೆ: ಬಾಗಿಲಿನ ಆ ಕೈ ಯಾರದ್ದು? ಇಂದಿರಾ ಗಾಂಧಿಯವರದ್ದು ಎಂದು ಬರೆಯಬಹುದೋ?

ಮಾಷ್ಟ್ರು: ಅದು ಕಾಗದ ತೆಗೆದುಕೊಂಡು ಹೋಗುವ ನೌಕರನ ಕೈ. ‘ಕಾಯಲಿಕ್ಕೆ ಹೇಳು’ ಎಂದು ಪ್ರಧಾನಿಗೇ ಹೇಳುತ್ತಾರೆಯೇ? ಕಾಯುವವರು ಬಾಗಿಲಿನಾಚೆ ಎಲ್ಲೋ ಇದ್ದಾರೆ, ಅವರನ್ನು ಚಿತ್ರದಲ್ಲಿ ತೋರಿಸಿಲ್ಲ. ಸೆನ್ಸಾರ್ ಇದ್ದ ಕಾಲದಲ್ಲಿ ಪ್ರಧಾನಿಯ ಮುಖ ಬರೆಯದೆಯೂ ಇಡೀ ಬಾಗಿಲಿನಾಚೆಯನ್ನು ಅವರಿಂದ ತುಂಬಿಸಿದ್ದು ಈ ಚಿತ್ರದ ಜಾಣತನ. ಕೈಗೊಂದು ಹೆಸರು ಕೊಟ್ಟರೆ ಅದು ಹಾಳಾಗುತ್ತದೆ.

ಶಿಷ್ಯೆ: ನನಗೆ ಕಾಡುವುದು ಬೇರೆ. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು. ಅವರನ್ನು ತೊಟ್ಟಿಯಲ್ಲಿ ಕೂರಿಸಿ ನಗುವುದು ನ್ಯಾಯವೇ? ಸಹಿ ಹಾಕದೆ ಅವರಿಗೆ ದಾರಿ ಏನಿತ್ತು?

ಮಾಷ್ಟ್ರು: ಒಳ್ಳೆಯ ಪ್ರಶ್ನೆ. ಬರೀ ‘ರಬ್ಬರ್ ಸ್ಟಾಂಪ್’ ಎನ್ನುವುದಾಗಿದ್ದರೆ ಆಟದ ಮುದ್ರೆಯೊಂದನ್ನು ಬರೆದರೆ ಸಾಕಿತ್ತು. ಆ ಬೈಗುಳ ಎಲ್ಲ ಪತ್ರಿಕೆಗಳಲ್ಲಿಯೂ ಸವೆದುಹೋಗಿದೆ. ಇಲ್ಲಿ ಅವರಿಗೆ ಬಾಯಿ ಇದೆ. ಆ ಬಾಯಿಯಿಂದ ಬರುವ ಆಕ್ಷೇಪ ಯಾವುದು ನೋಡು. ಕಾಗದದಲ್ಲಿ ಏನಿದೆ ಎಂದು ಕೇಳುವುದಿಲ್ಲ, ಬೇಡ ಅನ್ನುವುದಿಲ್ಲ. ಸ್ನಾನ ಮುಗಿಯಲಿ ಅನ್ನುತ್ತಾರೆ, ಅಷ್ಟೆ. ಅಧಿಕಾರ ಇರಲಿಲ್ಲ ಎಂಬ ಸಬೂಬು ಸಹಿಗೆ ಸಾಕಾದೀತು. ಕಾಗದ ಓದದೇ ಇದ್ದುದಕ್ಕೆ ಅದು ಸಾಲುವುದಿಲ್ಲ.

ಶಿಷ್ಯೆ: ಓದಿದ್ದಾರೋ ಇಲ್ಲವೋ ಚಿತ್ರ ಹೇಳುವುದಿಲ್ಲ, ಮಾಷ್ಟ್ರೇ.

ಮಾಷ್ಟ್ರು: ಹೇಳುವುದಿಲ್ಲ, ಒಪ್ಪಿದೆ. ಅಸಹಾಯಕರೋ ನಿರ್ಲಕ್ಷ್ಯದವರೋ ಎಂಬುದನ್ನು ಅದು ತೀರ್ಮಾನಿಸದೆ ಬಿಟ್ಟಿದೆ. ನೀನೂ ತೀರ್ಮಾನಿಸಬೇಡ. ಎರಡು ಓದುಗಳನ್ನೂ ಎರಡು ವಾಕ್ಯದಲ್ಲಿ ಕೊಡು.

ಶಿಷ್ಯೆ: ಅಬು ಆಗ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರಲ್ಲ, 1972ರಿಂದ 78ರ ತನಕ. ನಾಮಕರಣ ಮಾಡುವವರು ರಾಷ್ಟ್ರಪತಿ. ಇದನ್ನು ಸೇರಿಸಲೋ?

ಮಾಷ್ಟ್ರು: ಸೇರಿಸು, ಆದರೆ ಕೊನೆಗೆ. ಮೊದಲೇ ಹೇಳಿದರೆ ಓದುಗರು ಚಿತ್ರ ಬಿಟ್ಟು ಚಿತ್ರಕಾರರ ಧೈರ್ಯ ಅಳೆಯಲಿಕ್ಕೆ ಹೊರಡುತ್ತಾರೆ. ಮೊದಲು ತಾರೀಕು, ಆಮೇಲೆ ಮುಖ ಯಾರದ್ದು, ಸುಗ್ರೀವಾಜ್ಞೆ ಅಂದರೇನು, ಆ ವಾರದ ಮೂರು ಯಾವುವು. ತೊಟ್ಟಿಗೆ ಒಂದು ಸಾಲು. ಬಾಗಿಲಿನ ವಿಷಯಕ್ಕೆ ಮಾತ್ರ ಸ್ವಲ್ಪ ಜಾಗ ಬಿಡು.