ಚಿತ್ರದೊಳಗಿನ ಬೇಡದ ನೆಂಟ

ನಡೆದುಹೋದ ಸಂಗತಿಯೊಂದರಿಂದ ತನಗೆ ಬೇಡವಾದವನನ್ನು ತೆಗೆದುಹಾಕುವ ಅಧಿಕಾರ ಮನುಷ್ಯನಿಗೆ ಉಂಟೆ? ಉಂಟೆಂದು ಒಪ್ಪಿದರೂ, ಅವನ ಪಕ್ಕದಲ್ಲಿ ನಿಂತಿದ್ದವರ ಪಾಲನ್ನು ಅವನೊಡನೆ ತೆಗೆದುಹಾಕುವ ಅಧಿಕಾರ ಉಂಟೆ? ಈ ಪ್ರಶ್ನೆಯು ಶಾಸ್ತ್ರಗ್ರಂಥಗಳಿಂದ ಹುಟ್ಟಿದುದಲ್ಲ, ಒಂದು ಮದುವೆಯ ವಿಡಿಯೋದಿಂದ ಹುಟ್ಟಿದುದು. ಮದುವೆಗಳ ವಿಡಿಯೋ ತೆಗೆಯುವುದು ಈ ಲೇಖಕನ ಕಸುಬು. ಕಸುಬಿನವನು ನೀತಿಯನ್ನು ಕುರಿತು ಬರೆಯುವುದು ಅತಿಯೆಂದು ತೋರಬಹುದು. ಆದರೆ ಮೇಲಿನ ಪ್ರಶ್ನೆಗೆ ಉತ್ತರವು ನನಗೆ ದೊರೆತುದು ಕಸುಬಿನ ಕಷ್ಟದಲ್ಲಿಯೇ ಆದುದರಿಂದ ವಾಚಕರು ಕ್ಷಮಿಸಬೇಕು.

ಸೊರಬ ತಾಲ್ಲೂಕಿನ ಉಳವಿಯ ಸಮೀಪದಲ್ಲಿ ದೀವರ ಮನೆಯೊಂದರಲ್ಲಿ ಮದುವೆ ನಡೆಯಿತು. (ಚೆನ್ನಬಸವಣ್ಣನವರ ಕ್ಷೇತ್ರವಾದ ಉತ್ತರ ಕನ್ನಡದ ಉಳವಿ ಬೇರೆ.) ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಮನೆಯ ಹೆಂಗಸರು ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಿಂದ, ಹಸೆಯ ಚಿತ್ತಾರವನ್ನು ಬರೆದಿದ್ದರು. ಅದರ ಮುಂದೆ ವಧೂವರರನ್ನು ಕೂರಿಸಿ ಬಂಧುಗಳು ಸೇಸೆ ಹಾಕಿದರು. ಆ ಗುಂಪಿನಲ್ಲಿ ಹುಡುಗಿಯ ಚಿಕ್ಕಪ್ಪನೂ ಇದ್ದನು. ಅಡಕೆತೋಟದ ಪಾಲಿನ ವಿಚಾರದಲ್ಲಿ ಅಣ್ಣತಮ್ಮಂದಿರಿಗೆ ಮಾತು ನಿಂತುಹೋಗಿ ಬಹುಕಾಲವಾಗಿತ್ತು. ಅಣ್ಣನು ಕರೆದಿರಲಿಲ್ಲ, ಮುದುಕಿ ತಾಯಿ ಹೇಳಿಕಳುಹಿಸಿದ್ದರಿಂದ ತಮ್ಮನು ಬಂದಿದ್ದನು. ಒಂದು ತಿಂಗಳ ಮೇಲೆ ಹುಡುಗಿಯ ತಂದೆ ನನಗೆ ಹೇಳಿದರು: “ಸೇಸೆ ಹಾಕುವಲ್ಲಿ ಅವನೊಬ್ಬನನ್ನು ತೆಗೆದುಬಿಡಿ. ಖರ್ಚು ಎಷ್ಟಾದರೂ ಕೊಡುತ್ತೇನೆ. ಅಲ್ಲಿ ಯಾರೂ ಇರಲಿಲ್ಲವೆಂಬಂತೆ ಕಾಣಬೇಕು.”

ಎರಡು ದಿನ ಪ್ರಯತ್ನಪಟ್ಟು ನೋಡಿ, ನಾನು ಅವರಿಗೆ ಬರೆದ ಪತ್ರವು ಹೀಗಿತ್ತು:

“ಮಾನ್ಯರಿಗೆ ನಮಸ್ಕಾರಗಳು. ತಾವು ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಡಲು ನನ್ನಿಂದ ಆಗದು. ಏಕೆ ಆಗದೆಂಬುದನ್ನು ತಿಳಿಸುವುದು ನನ್ನ ಕರ್ತವ್ಯ.

“ವಿಡಿಯೋ ಎಂದರೆ ಒಂದು ಚಿತ್ರವಲ್ಲ. ಸೆಕೆಂಡಿಗೆ 25 ಚಿತ್ರಗಳಂತೆ ಓಡುವ ಸಾಲು ಅದು, ಒಂದೊಂದನ್ನೂ ಫ್ರೇಮು ಎನ್ನುತ್ತೇವೆ. ತಮ್ಮ ತಮ್ಮನವರು ಆ ದೃಶ್ಯದಲ್ಲಿ 26 ಸೆಕೆಂಡು ಇದ್ದಾರೆ, ಅಂದರೆ 650 ಫ್ರೇಮುಗಳಲ್ಲಿ. ಪ್ರತಿಯೊಂದರಲ್ಲಿಯೂ ಅವರ ಅಂಚನ್ನು ಗೆರೆ ಎಳೆದು ಬೇರ್ಪಡಿಸಬೇಕು. ನಿಂತ ವಸ್ತುವಾದರೆ ಕೆಲವು ಫ್ರೇಮುಗಳಿಗೊಮ್ಮೆ ಗೆರೆ ಎಳೆದರೆ ನಡುವಿನದನ್ನು ಕಂಪ್ಯೂಟರು ಸರಿಹೊಂದಿಸುತ್ತದೆ. ಸೇಸೆ ಹಾಕುವ ಕೈಗಳು ಹಾಗೆ ನಿಲ್ಲುವುದಿಲ್ಲ. ಫ್ರೇಮಿಗೆ ಹತ್ತು ನಿಮಿಷವೆಂದರೂ ನೂರು ಗಂಟೆಗೆ ಮೀರಿದ ಕೆಲಸವಾಗುತ್ತದೆ. ಆದರೂ ಇದು ಬರಿಯ ಶ್ರಮದ ಮಾತು, ಶ್ರಮಪಟ್ಟರೆ ಮುಗಿಯುವಂಥದು. ಮುಗಿಯದ ತೊಂದರೆ ಬೇರೆ ಇದೆ.

“ಅವರನ್ನು ಕತ್ತರಿಸಿ ತೆಗೆದ ಮೇಲೆ ಅಲ್ಲೊಂದು ಆಳಿನ ಆಕಾರದ ತೂತು ಉಳಿಯುತ್ತದೆ. ಅದನ್ನು ಯಾವುದರಿಂದ ತುಂಬಬೇಕು? ಅವರ ಹಿಂದೆ ಏನಿತ್ತೋ ಅದರಿಂದ ತುಂಬಬೇಕು. ಗೋಡೆಯಾಗಿದ್ದರೆ ಉಪಾಯವಿತ್ತು. ಬೆಳಗ್ಗೆ ಜನ ಸೇರುವ ಮುಂಚೆ ಹಸೆಗೋಡೆಯನ್ನು ನಾನು ಬೇರೆಯಾಗಿ ತೆಗೆದಿಟ್ಟಿದ್ದೇನೆ. ಬೆಳಗಿನ ಬೆಳಕಿಗೂ ಮಧ್ಯಾಹ್ನದ ದೀಪದ ಬೆಳಕಿಗೂ ಇರುವ ವ್ಯತ್ಯಾಸವನ್ನು ಸರಿಪಡಿಸಿ ಆ ತುಣುಕನ್ನು ಅಂಟಿಸಬಹುದು. ಯಾರಾದರೂ ಗೋಡೆಯ ಮುಂದೆ ನಡೆದುಹೋದರೆ, ಅವರು ಬರುವ ಮುಂಚಿನ ಮತ್ತು ಹೋದ ಮೇಲಿನ ಫ್ರೇಮುಗಳಿಂದ ಗೋಡೆಯನ್ನು ಎತ್ತಿ ತುಂಬುವ ಸಾಧನಗಳೂ ಇವೆ. ಆದರೆ ಅವರಿಗೂ ಗೋಡೆಗೂ ನಡುವೆ ಮೂವರು ನಿಂತಿದ್ದಾರೆ. ಒಬ್ಬ ಹೆಂಗಸಿನ ಅರ್ಧ ಮುಖ, ಅವರ ಸೊಂಟದ ಮೇಲಿನ ಮಗುವಿನ ಒಂದು ಕಾಲು, ಹಿಂದಿನ ಹುಡುಗನ ಹಣೆ, ಇಷ್ಟೇ ಕಾಣುತ್ತದೆ. ಮಿಕ್ಕುದನ್ನು 26 ಸೆಕೆಂಡುಗಳಲ್ಲಿ ಒಮ್ಮೆಯೂ ಕ್ಯಾಮರಾ ಕಂಡಿಲ್ಲ. ಕಾಣದುದನ್ನು ನಾನು ತೆಗೆದುಕೊಡಲಾರೆ, ಕಲ್ಪಿಸಿ ಬರೆಯಬಲ್ಲೆ ಅಷ್ಟೆ. ಆ ಹೆಂಗಸಿಗೆ ನಾನು ಬರೆದ ಕೆನ್ನೆಯು ಅವರದಾಗಿರುವುದಿಲ್ಲ.

“ಇನ್ನೊಂದು. ಒಂದೊಂದು ಫ್ರೇಮೂ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಹೊತ್ತು ಬೆಳಕನ್ನು ಕುಡಿಯುತ್ತದೆ. ಅಷ್ಟರಲ್ಲಿ ಕೈಯಾಡಿದರೆ ಕೈಯ ಅಂಚು ಮಸುಕಾಗುತ್ತದೆ. ಆ ಮಸುಕಿನಲ್ಲಿ ಕೈಯ ಬಣ್ಣವೂ ಅದರ ಹಿಂದಿನ ವಸ್ತುವಿನ ಬಣ್ಣವೂ ಬೆರೆತಿರುತ್ತವೆ. ತಮ್ಮ ತಾಯಿಯವರು ಸೇಸೆಯಕ್ಕಿಯನ್ನು ಎತ್ತಿ ಹಾಕುವಾಗ ಅವರ ಕೈ ತಮ್ಮ ತಮ್ಮನವರ ನೀಲಿ ಅಂಗಿಯ ಮುಂದೆ ಹಾದುಹೋಗುತ್ತದೆ. ಆದಕಾರಣ ತಾಯಿಯವರ ಬೆರಳುಗಳ ಸುತ್ತ ಆ ನೀಲಿ ಇದೆ. ಅಂಗಿಯನ್ನು ತೆಗೆದರೂ ಬೆರಳಿನ ನೀಲಿ ಹೋಗುವುದಿಲ್ಲ, ನೀಲಿಯನ್ನು ಕೆರೆದರೆ ಬೆರಳು ಮೊಂಡಾಗುತ್ತದೆ. ಸಾಲದುದಕ್ಕೆ ನಮ್ಮ ಕ್ಯಾಮರಾಗಳು ಜಾಗ ಉಳಿಸುವುದಕ್ಕಾಗಿ ಬೆಳಕನ್ನು ಪ್ರತಿ ಚುಕ್ಕೆಗೂ, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕೆಗಳಿಗೆ ಒಂದರಂತೆಯೂ ಬರೆದಿಡುತ್ತವೆ. ಹೀಗಾಗಿ ಒಬ್ಬರ ಬಣ್ಣ ಪಕ್ಕದವರ ಅಂಚಿನೊಳಕ್ಕೆ ಮೊದಲೇ ಹರಿದಿರುತ್ತದೆ.

“ಎರಡು ದಿನದಲ್ಲಿ ನಾಲ್ಕು ಸೆಕೆಂಡಿನಷ್ಟನ್ನು ತಿದ್ದಿ ನೋಡಿದೆ. ಒಂದೊಂದು ಫ್ರೇಮನ್ನು ನಿಲ್ಲಿಸಿ ನೋಡಿದರೆ ಪರವಾಗಿಲ್ಲವೆನಿಸುತ್ತದೆ. ಓಡಿಸಿದಾಗ ತಿದ್ದಿದ ಅಂಚು ಕುದಿಯುವ ಅನ್ನದಂತೆ ಮಿಸುಕುತ್ತದೆ. ಸುತ್ತಲ ಚಿತ್ರದಲ್ಲಿ ಸಣ್ಣ ಕಾಳಿನಂಥ ಕಂಪನವಿದ್ದು ತೇಪೆಯು ನಿಶ್ಚಲವಾಗಿ ನಿಲ್ಲುತ್ತದೆ. ಬಂದ ನೆಂಟರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಬೇಡವೆಂದವರು ಅಲ್ಲಿಯೇ ನಿಂತಿದ್ದರೆ ಯಾರೂ ಅವರನ್ನು ಅಷ್ಟು ಗಮನಿಸುತ್ತಿರಲಿಲ್ಲ.

“ಕೊನೆಯ ಮಾತನ್ನು ಸಂಕೋಚದಿಂದ ಬರೆಯುತ್ತೇನೆ. ಹದಿನೇಳನೆಯ ಸೆಕೆಂಡಿನಿಂದ ತಮ್ಮ ತಾಯಿಯವರ ಎಡಗೈ ಅವರ ಕಿರಿಯ ಮಗನ ಭುಜದ ಮೇಲಿದೆ. ಭುಜವನ್ನು ತೆಗೆದರೆ ಕೈ ಗಾಳಿಯಲ್ಲಿ ನಿಲ್ಲುತ್ತದೆ. ಆದುದರಿಂದ ತಾಯಿಯವರ ಕೈಯನ್ನೂ ತೆಗೆಯಬೇಕು. ಆಗ ಅವರ ಸೆರಗನ್ನು, ನಿಂತ ಭಂಗಿಯನ್ನು ತಿದ್ದಬೇಕು. ಅದೇ ಹೊತ್ತಿಗೆ ಮದುಮಗಳು ತಲೆಯೆತ್ತಿ ಚಿಕ್ಕಪ್ಪನನ್ನು ನೋಡುತ್ತಾಳೆ. ಅವಳು ಬರಿಯ ಗೋಡೆಯನ್ನು ನೋಡಿ ನಕ್ಕಂತಾಗುತ್ತದೆ. ಅವಳ ಕಣ್ಣನ್ನು ಬೇರೆ ಕಡೆಗೆ ತಿರುಗಿಸುವ ಕೆಲಸ ನನಗೆ ಬರುವುದಿಲ್ಲ, ಬಂದರೂ ಮಾಡಲು ಮನಸ್ಸಿಲ್ಲ.

“ನನ್ನಿಂದ ಆಗುವುದು ಇಷ್ಟು. ಆ 26 ಸೆಕೆಂಡಿನಲ್ಲಿ ಸ್ವಲ್ಪವನ್ನು ಬಿಟ್ಟು, ಎರಡನೆಯ ಕ್ಯಾಮರಾ ತೆಗೆದ ವಧೂವರರ ಹತ್ತಿರದ ಚಿತ್ರವನ್ನು ಅಲ್ಲಿ ಹಾಕಬಹುದು. ಅಥವಾ, ಮೂಲವು 3840 ಚುಕ್ಕೆ ಅಗಲವಿರುವುದರಿಂದ ಅದರ ಎಡಭಾಗದ 1920 ಚುಕ್ಕೆಗಳನ್ನು ಮಾತ್ರ ಉಳಿಸಿಕೊಂಡರೆ ಅವರು ಚೌಕಟ್ಟಿನ ಆಚೆಗೆ ಹೋಗುತ್ತಾರೆ, ತಾಯಿಯವರು ಮೊಳಕೈವರೆಗೆ ಕಾಣುತ್ತಾರೆ. ಇವುಗಳಲ್ಲಿ ಯಾವುದನ್ನು ಹೇಳಿದರೂ ಮಾಡಿಕೊಡುತ್ತೇನೆ. ಮೂಲವನ್ನು ಮಾತ್ರ ಮುಟ್ಟದೆ ಇಡುತ್ತೇನೆ.”

ಪತ್ರವನ್ನು ಕಳುಹಿಸಿದ ಮೇಲೆ ನನ್ನಲ್ಲಿಯೇ ಒಂದು ಸಂದೇಹವುಂಟಾಯಿತು. ಕೆಲಸವು ಕಷ್ಟವೆಂದು ನಾನು ಒಲ್ಲೆನೆಂದೆನೋ, ತಪ್ಪೆಂದು ಒಲ್ಲೆನೆಂದೆನೋ? ನಾಳೆ ಈ ಕಷ್ಟವನ್ನು ನೀಗುವ ಸಾಧನ ಬಂದರೆ ನನ್ನ ಮಾತು ಬಿದ್ದುಹೋಗುವುದೋ?

ಕೆಲಸ ಸುಲಭವಾಗಿದ್ದಲ್ಲಿ ಏನಾಯಿತೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನವಿದೆ. 1937ರಲ್ಲಿ ಮಾಸ್ಕೋ–ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನನೊಡನೆ ತೆಗೆದ ಛಾಯಾಚಿತ್ರವೊಂದರಲ್ಲಿ, ರಹಸ್ಯ ಪೊಲೀಸಿನ ಮುಖ್ಯಸ್ಥನಾಗಿದ್ದ ನಿಕೊಲಾಯ್ ಯೆಝೋವನು ಅಂಚಿನಲ್ಲಿ, ನೀರಿನ ಬದಿಗೆ ನಿಂತಿದ್ದನು. ಅವನು ಅಧಿಕಾರದಿಂದ ಬಿದ್ದು 1940ರಲ್ಲಿ ಮರಣದಂಡನೆಗೆ ಗುರಿಯಾದನು. ತಿದ್ದಿದ ಪ್ರತಿಯಲ್ಲಿ ಅವನಿದ್ದ ಜಾಗದಲ್ಲಿ ಕಾಲುವೆಯ ನೀರು ಮಾತ್ರ ಇದೆ. ಅದು ಒಂದೇ ಚಿತ್ರವಾಗಿತ್ತು, ಅವನು ಸಾಲಿನ ಕೊನೆಯಲ್ಲಿದ್ದನು, ಹಿಂದೆ ನೀರಲ್ಲದೆ ಬೇರೊಂದಿರಲಿಲ್ಲ. ನೀರು ಎಲ್ಲಿಯೂ ಒಂದೇ ಬಗೆಯಾದುದರಿಂದ ತುಂಬುವವನ ಕೈಗೆ ಅಡ್ಡಿಯಾಗಲಿಲ್ಲ. ಚಿತ್ರವು ಅಚ್ಚುಕಟ್ಟಾಗಿ ಬಂದಿತು, ಆದರೂ ಸುಳ್ಳಾಗಿಯೇ ಉಳಿಯಿತು. ಆದುದರಿಂದ ಅಚ್ಚುಕಟ್ಟು ಬೇರೆ, ನ್ಯಾಯ ಬೇರೆ. ಕಷ್ಟವು ತಪ್ಪಿಗೆ ಕಾರಣವಲ್ಲ. ಗುಂಪಿನ ಚಿತ್ರದಲ್ಲಿ ಕಷ್ಟವು ಆ ತಪ್ಪನ್ನು ನಮ್ಮ ಕಣ್ಣಿಗೆ ತೋರಿಸಿತು, ಅಷ್ಟೆ. ಒಬ್ಬನನ್ನು ತೆಗೆಯಬೇಕಾದರೆ ಯಾರ ಯಾರ ಕೈ, ಕೆನ್ನೆ, ನೋಟಗಳನ್ನು ಬದಲಾಯಿಸಬೇಕೆಂಬುದರ ಪಟ್ಟಿಯನ್ನು ಅದು ಬರೆದುಕೊಟ್ಟಿತು. ಆ ಪಟ್ಟಿಯಲ್ಲಿದ್ದವರಾರೂ ನನ್ನ ಬಳಿಗೆ ಬಂದು ಹಾಗೆ ಮಾಡೆಂದು ಕೇಳಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಒಂದು ವಾದವುಂಟು, ಅದನ್ನು ಹಗುರವಾಗಿ ಕಾಣಲಾಗದು. ವಿಡಿಯೋ ತೆಗೆಯುವವನು ಹೇಗೂ ಎಲ್ಲವನ್ನೂ ತೋರಿಸುವುದಿಲ್ಲ. ಎಂಟು ಗಂಟೆಯ ಚಿತ್ರದಲ್ಲಿ ಎರಡು ಗಂಟೆಯನ್ನು ಆರಿಸಿಕೊಡುತ್ತಾನೆ, ನೂರಾರು ನೆಂಟರು ಆ ಆಯ್ಕೆಯಲ್ಲಿಯೇ ಮಾಯವಾಗುತ್ತಾರೆ. ಹಾಗಿರುವಲ್ಲಿ ಇನ್ನೊಬ್ಬನು ಮಾಯವಾದರೆ ದೋಷವೇನು? ಅಲ್ಲದೆ ಕೆಲವೊಮ್ಮೆ ಬೇಡವೆನ್ನುವವರ ನೋವು ನಿಜವಾದುದು. ತನ್ನನ್ನು ಹಿಂಸಿಸಿದವನ ಮುಖವನ್ನು ತನ್ನ ಮದುವೆಯ ಚಿತ್ರದಲ್ಲಿ ಮತ್ತೆ ಮತ್ತೆ ನೋಡಬೇಕೆಂದು ಒಬ್ಬ ಹೆಣ್ಣುಮಗಳಿಗೆ ಹೇಳುವುದು ಯಾವ ಧರ್ಮ?

ಆ ಹೆಣ್ಣುಮಗಳು ಬಂದು ಕೇಳಿದರೆ ನಾನು ಆ ದೃಶ್ಯವನ್ನು ಕತ್ತರಿಸುತ್ತೇನೆ, ಚೌಕಟ್ಟನ್ನು ಕಿರಿದು ಮಾಡುತ್ತೇನೆ, ಅದೂ ಆಗದಿದ್ದರೆ ಮುಖವನ್ನು ಮಸುಕು ಮಾಡುತ್ತೇನೆ. ಈ ಮೂರರಲ್ಲಿಯೂ ನೋಡುವವನಿಗೆ ಏನೋ ಬಿಟ್ಟಿದೆಯೆಂಬುದು ತಿಳಿಯುತ್ತದೆ, ಅಥವಾ ತಿಳಿಯದಿದ್ದರೂ ಇಲ್ಲದುದನ್ನು ಉಂಟೆಂದು ನಂಬಿದಂತಾಗುವುದಿಲ್ಲ. ಬಿಡುವುದು ಮೌನ. ಮೌನವಾಗಿರುವ ಹಕ್ಕು ಎಲ್ಲರಿಗೂ ಉಂಟು. ತುಂಬುವುದು ಮಾತು, ಅದೂ ಸಾಕ್ಷಿಯ ಮಾತು. ಹುಡುಗಿಯ ತಂದೆ ಕೇಳಿದುದು ಮೌನವನ್ನಲ್ಲ. ತಾಯಿಯ ಕೈ ಆ ಭುಜದ ಮೇಲೆ ಇರಲಿಲ್ಲವೆಂದು ನನ್ನ ಕ್ಯಾಮರಾ ಸಾಕ್ಷಿ ನುಡಿಯಬೇಕೆಂದು ಅವರು ಕೇಳಿದರು. ಹಣ ಕೊಟ್ಟವರು ಅವರಾದರೂ ಆ ಕೈ ಅವರದಾಗಿರಲಿಲ್ಲ.

ನಾಲ್ಕು ದಿನದ ಮೇಲೆ ಅವರೇ ಬಂದರು. ಪತ್ರದ ವಿಷಯವನ್ನು ಎತ್ತಲಿಲ್ಲ. ಆ 26 ಸೆಕೆಂಡನ್ನು ಒಮ್ಮೆ ತೋರಿಸಿರೆಂದರು. ತೋರಿಸಿದೆನು. ಹದಿನೇಳನೆಯ ಸೆಕೆಂಡು ಬಂದಾಗ ಇನ್ನೊಮ್ಮೆ ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಯಲ್ಲಿ ಎಲ್ಲರಿಗೂ ತೋರಿಸುವ ಪ್ರತಿಯಲ್ಲಿ ಎಡಭಾಗವನ್ನು ಮಾತ್ರ ಇಡಬೇಕೆಂದೂ, ಪೂರ್ತಿಯಾದುದನ್ನು ಬೇರೆಯಾಗಿ ಹಾಕಿಕೊಡಬೇಕೆಂದೂ ಹೇಳಿದರು. ಪೂರ್ತಿಯಾದುದು ಯಾರಿಗೆಂದು ನಾನು ಕೇಳಲಿಲ್ಲ. ಬಾಗಿಲವರೆಗೆ ಹೋದವರು ತಿರುಗಿ, “ಅಮ್ಮ ಕೇಳುತ್ತಿದ್ದಾಳೆ” ಎಂದು ಹೇಳಿ ಹೊರಟುಹೋದರು.