ಪವಿತ್ರವಾದ ಮುದ್ದು ಮತ್ತು ನಮ್ಮ ಕೈಕುಲುಕು

ಬೈಬಲ್ ಇದ್ದವರು ರೋಮಾಪುರದವರಿಗೆ ಬರೆದ ಪತ್ರಿಕೆ 16ನೇ ಅಧ್ಯಾಯ ತೆಗೀರಿ. ಬರೀ ಹೆಸರುಗಳೇ ಅಲ್ವಾ ಅಂತ ನಾವು ಬೇಗ ದಾಟಿಬಿಡೋ ಅಧ್ಯಾಯ ಇದು. ಆದ್ರೆ ನೋಡಿ, ಪೌಲನು ಹೆಂಗಸರನ್ನು ಬಿಟ್ಟು ಹೋಗಲ್ಲ. ಪ್ರಿಸ್ಕಳಿಗೆ, ಮರಿಯಳಿಗೆ, ಪೆರ್ಸೀಸಳಿಗೆ ಹೆಸರು ಹಿಡಿದು ವಂದನೆ ಹೇಳ್ತಾನೆ. ರೂಫನ ತಾಯಿ ತನಗೂ ತಾಯಿ ಅಂತಾನೆ. 16ನೇ ವಚನದಲ್ಲಿ ಪವಿತ್ರವಾದ ಮುದ್ದಿನಿಂದ ವಂದಿಸಿ ಅನ್ನೋ ಮಾತು ಬರುತ್ತೆ.

ಯಾರೋ ನಗ್ತಿದ್ದೀರಿ, ಗೊತ್ತಾಯ್ತು!

ಆಗಿನ ಕಾಲದಲ್ಲಿ ಮುದ್ದು ಅಂದ್ರೆ ಮನೆಯವರು ಮನೆಯವರಿಗೆ ಮಾಡೋ ವಂದನೆ. ಸಭೆ ಒಂದು ಕುಟುಂಬ ಅಂತ ತೋರಿಸೋದಕ್ಕೆ ಅದನ್ನೇ ಬಳಸಿದ್ರು. ಆದರೆ ತೊಂದರೆ ಬರೋದಕ್ಕೆ ತಡ ಆಗಲಿಲ್ಲ. ಎರಡನೇ ಶತಮಾನದಲ್ಲೇ ಅಥೆನಾಗೋರಸ್ ಅನ್ನೋ ವಿಶ್ವಾಸಿ, ಸುಖಕ್ಕೋಸ್ಕರ ಎರಡನೇ ಸಲ ಮುದ್ದು ಕೊಡೋದು ಪಾಪ ಅಂತ ಎಚ್ಚರಿಸಿದ. ಮುಂದೆ ಸಭೆಗಳಲ್ಲಿ ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ ಅನ್ನೋ ನಿಯಮ ಬಂತು. ಅಂದ್ರೆ ಅವರು ವಂದನೆ ನಿಲ್ಲಿಸಲಿಲ್ಲ, ಅದರ ರೀತಿ ಬದಲಾಯಿಸಿದ್ರು.

ಈಗ ನಮ್ಮ ವಿಷಯಕ್ಕೆ ಬನ್ನಿ. ಆರಾಧನೆ ಮುಗೀತು, ಬಾಗಿಲ ಹತ್ತಿರ ಚಹಾ. ಐಟಿ ಆಫೀಸಲ್ಲಿ ಕೆಲಸ ಮಾಡೋ ಒಬ್ಬ ಬ್ರದರ್ ಎಲ್ಲರಿಗೂ ಕೈ ಚಾಚುತ್ತಾನೆ. ಅವನಿಗೆ ಅದು ಅಭ್ಯಾಸ, ಮನಸ್ಸಲ್ಲಿ ಏನೂ ಇಲ್ಲ. ಎದುರಿಗೆ ಹಾಸನದಿಂದ ಹೊಸದಾಗಿ ಬಂದ ಸಿಸ್ಟರ್, ಬೈಬಲನ್ನು ಎದೆಗೊತ್ತಿ ಹಿಡಿದು ನಿಂತಿದ್ದಾಳೆ. ಚಾಚಿದ ಕೈ ಬಿಟ್ಟರೆ ಅವಮಾನ ಅಂತ ಬೆರಳ ತುದಿ ಮಾತ್ರ ಕೊಡ್ತಾಳೆ, ಕೊಟ್ಟು ಅರ್ಧ ಹೆಜ್ಜೆ ಹಿಂದೆ ಸರೀತಾಳೆ. ಬ್ರದರ್ಸ್, ಆ ಅರ್ಧ ಹೆಜ್ಜೆಯೇ ಅವಳ ಉತ್ತರ. ಕೈ ಕೊಟ್ಟಳಲ್ಲ ಅಂತ ಒಪ್ಪಿಗೆ ಅಂದ್ಕೋಬೇಡಿ.

ಹಾಗಾದ್ರೆ ಏನ್ ಮಾಡೋದು? ಒಂದು ಕೈಯಷ್ಟು ದೂರದಲ್ಲಿ ನಿಂತು, ಮುಖ ನೋಡಿ, "ಪ್ರೈಸ್ ದಿ ಲಾರ್ಡ್ ಸಿಸ್ಟರ್" ಅನ್ನಿ. ಕೈ ಮುಂದೆ ಬರೋದಾದ್ರೆ ಅವರ ಕಡೆಯಿಂದ ಮೊದಲು ಬರಲಿ. ಬಂದ್ರೆ ಒಂದು ಸಲ ಕುಲುಕಿ, ಬಿಡಿ. ನಿಮ್ಮ ಕೈ ಆಗಲೇ ಹೋಗಿಬಿಟ್ಟಿದ್ರೆ ಇನ್ನೊಂದು ಕೈಯನ್ನೂ ಸೇರಿಸಿ ನಮಸ್ಕಾರ ಮಾಡಿ, ಯಾರಿಗೂ ಮುಜುಗರ ಆಗಲ್ಲ. ಸಿಸ್ಟರ್ಸ್, ಕೈ ಕೊಡೋದು ಇಷ್ಟ ಇಲ್ಲದಿದ್ರೆ ನೀವೇ ಮೊದಲು ಕೈ ಮುಗಿದುಬಿಡಿ. ಕಾರಣ ಹೇಳ್ಬೇಕಾಗಿಲ್ಲ. ನಿಮಗೇ ಕೈಕುಲುಕೋದು ಸಲೀಸು ಅನ್ನಿಸಿದ್ರೆ ಅದರಲ್ಲೂ ತಪ್ಪಿಲ್ಲ, ಆದ್ರೆ ಎದುರಿನ ಬ್ರದರ್ ಹಿಂಜರಿದರೆ ಅವನನ್ನೂ ಬಿಡಿ.

ಇದಕ್ಕೆ ವಿರುದ್ಧವಾದ ಕೆಟ್ಟ ಅಭ್ಯಾಸವೂ ಒಂದಿದೆ. ಗಂಡ ಹೆಂಡತಿ ಜೊತೆಗೆ ಬರ್ತಾರೆ, ನಾವು ಗಂಡನ ಕೈ ಹಿಡಿದು ಐದು ನಿಮಿಷ ಮಾತಾಡ್ತೀವಿ, ಪಕ್ಕದಲ್ಲಿರೋ ಅಕ್ಕನ ಕಡೆ ತಿರುಗಿಯೂ ನೋಡಲ್ಲ. ಕೇಳಿದ್ರೆ ಪರಿಶುದ್ಧತೆ ಅಂತೀವಿ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆ 5ನೇ ಅಧ್ಯಾಯದಲ್ಲಿ ಹಿರಿಯ ಹೆಂಗಸರು ತಾಯಂದಿರ ಹಾಗೆ, ಎಳೇ ವಯಸ್ಸಿನವರು ಅಕ್ಕತಂಗಿಯರ ಹಾಗೆ ಅಂತಿದೆ. ಮನೆಗೆ ಹೋದಾಗ ತಂಗಿಯನ್ನು ಕಾಣದವರ ಹಾಗೆ ಒಳಗೆ ಹೋಗ್ತೀವಾ? ಈ ಭಾನುವಾರ ಇಬ್ಬರ ಹೆಸರನ್ನೂ ಕೇಳಿ ತಿಳ್ಕೊಳ್ಳಿ.

ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.